ದಿನಸಿಯೋ, ಮುಯ್ಯಿಯೋ?

“ಮಂಡ್ಯದಲ್ಲಿ ನಮ್ಮದು ಒಂಬತ್ತು ಜನರ ಕೂಡು ಕುಟುಂಬ. ಆರು ತಿಂಗಳಲ್ಲಿ ದಿನಸಿ 7,000, ಮುಯ್ಯಿ 7,800 ರೂಪಾಯಿ ಅಂದಾಜು ಮೀರಿದೆ. ಮೊದಲು ಯಾವುದನ್ನು ಹಿಡಿಯಲಿ?”

ದಿನಸಿಯನ್ನೇ ಹಿಡಿಯಿರಿ. ಒಟ್ಟು ಮೊತ್ತ ನೋಡಿದರೆ ಮುಯ್ಯಿ ದೊಡ್ಡದಾಗಿ ಕಾಣುತ್ತದೆ. ಆದರೆ ನಿಮ್ಮ ಪಟ್ಟಿಯಲ್ಲಿ ಅದು ಮೀರಿದ್ದು ಎರಡೇ ತಿಂಗಳು, ಅದೂ ಮದುವೆ ಸೀಸನ್‌ನಲ್ಲಿ. ಉಳಿದ ತಿಂಗಳು ಅಂದಾಜಿಗಿಂತ ಕಡಿಮೆಯೇ ಇದೆ. ಅದಕ್ಕೆ ತಿಂಗಳ ಲೆಕ್ಕ ಬೇಡ, ವರ್ಷದ ಮೊತ್ತ ತೆಗೆದಿಡಿ. ಮುಯ್ಯಿ ಪುಸ್ತಕ ನೋಡಿದರೆ ಯಾರಿಗೆ ಎಷ್ಟು ಹಾಕಬೇಕು ಅಂತ ಗೊತ್ತಾಗುತ್ತದೆ ಅಲ್ವಾ!

ದಿನಸಿ ಆರಕ್ಕೆ ಆರೂ ತಿಂಗಳು ಮೀರಿದೆ. ಅಂದರೆ ಅಂದಾಜೇ ತಪ್ಪು, ಇಲ್ಲವೇ ಬಳಕೆ ಜಾಸ್ತಿಯಾಗಿದೆ. ಯಾವುದು ಅಂತ ತಿಳಿಯಲು ಅಂಗಡಿ ಚೀಟಿಯಿಂದ ಒಂದೊಂದೇ ಸಾಮಾನು ತೆಗೆದು ನೋಡಿ. ಎಣ್ಣೆಯನ್ನೇ ತಗೊಳ್ಳಿ. ಅಂದಾಜು 8 ಲೀಟರ್, ಲೀಟರಿಗೆ 130 ರೂಪಾಯಿ ಇತ್ತು ಅಂದ್ಕೊಳ್ಳಿ. ತಂದದ್ದು 10 ಲೀಟರ್, 140ರ ದರದಲ್ಲಿ. ಹೆಚ್ಚಾದದ್ದು 360. ಇದರಲ್ಲಿ ಬೆಲೆ ಏರಿದ್ದಕ್ಕೆ ಹೋದದ್ದು 10 ಲೀಟರಿಗೆ ಹತ್ತತ್ತು ರೂಪಾಯಿಯಂತೆ 100 ಮಾತ್ರ. ಉಳಿದ 260 ಆ ಎರಡು ಲೀಟರಿನದು. ಬೆಲೆಗೆ ಅಂದಾಜು ತಿದ್ದಬೇಕು, ಬಳಕೆಗೆ ಅಡುಗೆಮನೆಯಲ್ಲಿ ಕೇಳಬೇಕು. ನಮ್ಮ ಮನೆಯಲ್ಲಿ ಕೇಳಿದಾಗ ಉತ್ತರ ಸಿಕ್ಕಿದ್ದು ಭಾನುವಾರದ ಬೋಂಡದಲ್ಲಿ!

ಇನ್ನೊಂದು, ಸಾಲದ ಪುಸ್ತಕದಲ್ಲಿ ಬರೆಸಿ ತಂದಿದ್ದರೆ ದುಡ್ಡು ಕೊಟ್ಟ ತಿಂಗಳಿಗೆ ಹಾಕಬೇಡಿ. ಸಾಮಾನು ತಂದ ತಿಂಗಳಿಗೇ ಬರೆಯಿರಿ. ಇಲ್ಲದಿದ್ದರೆ ಸುಮ್ನೆ ಒಂದು ತಿಂಗಳು ಉಳಿದಂತೆ, ಮುಂದಿನ ತಿಂಗಳು ಮೀರಿದಂತೆ ಕಾಣುತ್ತದೆ.