ಹತ್ತು ತಾಸು ಕುದಿಸಿದರೂ ಜೆಲ್ಲಿ ಆಗದ ಬ್ರಾತ್

“ಒಂದು ಕೆ.ಜಿ. ಮಟನ್‌ಗೆ ಉಪ್ಪು ಹಾಕಿ ಹತ್ತು ತಾಸು ಕುದಿಸಿದೆ. ಬೋನ್ ಬ್ರಾತ್ ಜೆಲ್ಲಿ ತರ ಆಗಲೇ ಇಲ್ಲ, ಮಾಂಸ ನಾರಾಯ್ತು. ಇನ್ನೂ ಎಷ್ಟು ತಾಸು ಬೇಕು?”

ತಾಸು ಜಾಸ್ತಿ ಮಾಡಬೇಡಿ ತಂಗಿ, ಸಾಮಾನು ಬದಲಿಸಿ. ನನ್ನ ಸ್ವಂತ ತಂಗಿಯ ಬಾಣಂತನದಲ್ಲಿ ನಾನೂ ಇದನ್ನೇ ಮಾಡಿದ್ದೆ. ಸಾರಿನ ತುಂಡುಗಳನ್ನೇ ಬೆಳಗಿಂದ ಸಂಜೆವರೆಗೆ ಕುದಿಸಿದೆ. ಕಡೆಗೆ ಉಳಿದದ್ದು ತೆಂಗಿನ ನಾರಿನಂಥ ಮಾಂಸ, ಸಮುದ್ರದ ನೀರಿನಂಥ ಉಪ್ಪು. ನೀರು ಇಂಗುತ್ತದೆ, ಉಪ್ಪು ಇಂಗುವುದಿಲ್ಲ ಅಲ್ವಾ! ಉಪ್ಪು ಬಟ್ಟಲಿಗೆ ಹಾಕುವಾಗ ಮಾತ್ರ.

ನೀವು ತಂದ ತುಂಡು ಸೂಪಿಗೆ ಸರಿ. ಮೆಣಸು, ಶುಂಠಿ ಹಾಕಿ ಬೇಯಿಸಿ, ಮಾಂಸ ಮೆತ್ತಗಾದ ಕೂಡಲೇ ತಿನ್ನಿ. ಮಾಂಸ ಅಂಟಿದ ಎಲುಬನ್ನು ಎರಡು ಮೂರು ತಾಸು ಬೇಯಿಸಿ ಸೋಸಿದರೆ ಸ್ಟಾಕ್. ಅದರಲ್ಲಿ ಮಾಂಸದ ರುಚಿಯೇ ಮುಂದೆ. ಬ್ರಾತ್‌ಗೆ ಬೇಕಾದದ್ದು ಚರ್ಮ, ನರ, ಗಂಟು. ಜೆಲ್ಲಿ ಬರುವುದು ಅಲ್ಲಿಂದ. ಬರೀ ನಳಿ ಎಲುಬು ಹಾಕಿದರೂ ಮಜ್ಜೆಯ ಕೊಬ್ಬು ತೇಲುತ್ತದೆ, ಹೆಪ್ಪುಗಟ್ಟುವುದಿಲ್ಲ.

ನಾನು ಈಗ ಮಾಡುವುದು ಹೀಗೆ: ಸುಟ್ಟು ಕೆರೆದ ಆಡಿನ ಕಾಲು ನಾಲ್ಕು, ಗಂಟಿನಲ್ಲಿ ಕಡಿಸಿ ತರುತ್ತೇನೆ. ಒಮ್ಮೆ ಕುದಿಸಿ ಆ ನೀರು ಚೆಲ್ಲುತ್ತೇನೆ. ಮತ್ತೆ ಎರಡೂವರೆ ಲೀಟರ್ ನೀರು, ಸಣ್ಣ ಉರಿ, ಆರು ತಾಸು. ಅಲ್ಲೊಂದು ಇಲ್ಲೊಂದು ಗುಳ್ಳೆ ಬಂದರೆ ಸಾಕು. ಧಗಧಗ ಕುದಿಸಿದರೆ ಕೊಬ್ಬು ನೀರಿಗೆ ಕಲೆತು ಬೆಳ್ಳಗೆ ಜಿಡ್ಡಾಗುತ್ತದೆ. ಕುಕ್ಕರಾದರೆ ಸಣ್ಣ ಉರಿಯಲ್ಲಿ ಒಂದೂವರೆ ತಾಸು, ಗ್ಯಾಸೂ ಉಳಿಯುತ್ತದೆ. ಇಪ್ಪತ್ತನಾಲ್ಕು ತಾಸಿನ ವಿಡಿಯೋ ನೋಡಿ ಮರುಳಾಗಬೇಡಿ. ಅತಿಯಾಗಿ ಕುದಿಸಿದರೆ ಆದ ಜೆಲ್ಲಿಯೂ ಒಡೆದು ನೀರಾಗುತ್ತದೆ.

ಇನ್ನೊಂದು, ಫ್ರಿಜ್ಜಿನಲ್ಲಿ ಒಂದು ರಾತ್ರಿ ಇಟ್ಟು ನೋಡಿದಿರೋ ಇಲ್ಲವೋ? ಕಾರವಾರದ ಸೆಕೆಗೆ ಹೊರಗಿಟ್ಟರೆ ಎಂಥಾ ಬ್ರಾತ್ ಆದರೂ ನೀರೇ.

ಮೇಲಿನ ಕಾಮೆಂಟಿನಲ್ಲಿ ಶಿರಸಿಯ ತಮ್ಮನೊಬ್ಬ, ವಿನೆಗರ್ ಹಾಕಿದರೆ ಎಲುಬಿನ ಸುಣ್ಣದ ಅಂಶವೆಲ್ಲ ಇಳಿಯುತ್ತದೆ ಎಂದಿದ್ದಾನೆ. ಅರ್ಧ ಸರಿ. ಒಂದೆರಡು ಚಮಚದಿಂದ ಇಳಿಯುವುದು ತೀರ ಕಡಿಮೆ, ಒಂದು ಲೋಟ ಹಾಲಿಗೆ ಸಮ ಆಗುವುದಿಲ್ಲ. ಹಾಕುವುದಾದರೆ ಅಲ್ಯೂಮಿನಿಯಂ ಪಾತ್ರೆ ಬೇಡ, ಸ್ಟೀಲ್ ಇರಲಿ. ಕುಮಟೆಯ ಅಕ್ಕನೊಬ್ಬರು, ಬ್ರಾತ್ ಕುಡಿದು ತಮ್ಮ ಅತ್ತೆಯ ಮಂಡಿನೋವು ಹೋಯಿತು ಎನ್ನುತ್ತಾರೆ. ಇರಬಹುದು. ನನ್ನವರು ಒಂದು ಮಳೆಗಾಲ ಪೂರ್ತಿ ಕುಡಿದರು, ಮೆಟ್ಟಿಲು ಹತ್ತುವಾಗ ಅದೇ ನರಳಾಟ! ಯೂರಿಕ್ ಆಸಿಡ್ ಇದ್ದವರು ಡಾಕ್ಟರನ್ನು ಕೇಳಿಯೇ ಕುಡಿಯಿರಿ.

ಪ್ಯಾಕೆಟಿನ ಸ್ಟಾಕ್ ಕ್ಯೂಬು ಯಾವ ಕಂಪನಿಯದೇ ಇರಲಿ, ನನ್ನ ಲೆಕ್ಕದಲ್ಲಿ ಅದು ಬರೀ ಉಪ್ಪಿನ ಗಟ್ಟಿ.

ರಾತ್ರಿಯೆಲ್ಲ ಒಲೆ ಮೇಲೇ ಬಿಟ್ಟೆ ಅಂತ ಬರೆದವರಿಗೆ ಬೈಯಲೇಬೇಕು. ದೊಡ್ಡ ಪಾತ್ರೆ ನಿಧಾನ ಆರುವಾಗಲೇ ಕೆಡುವುದು, ಮತ್ತೆ ಕುದಿಸಿದರೂ ಕೆಲವು ವಿಷ ಹೋಗುವುದಿಲ್ಲ. ಸೋಸಿ ಸಣ್ಣ ಡಬ್ಬಿಗೆ ಹಾಕಿ, ತಣ್ಣೀರಿನ ಬೋಗುಣಿಯಲ್ಲಿಟ್ಟು ಆರಿಸಿ, ಎರಡು ತಾಸಿನೊಳಗೆ ಫ್ರಿಜ್ಜಿಗೆ ಸೇರಿಸಿ. ಮೂರು ನಾಲ್ಕು ದಿನದಲ್ಲಿ ಮುಗಿಸಿ.

ನಾರಾದ ಆ ಮಾಂಸ ಚೆಲ್ಲಿದಿರಾ? ಬಿಡಿಸಿ, ಈರುಳ್ಳಿ ಮೆಣಸು ಹಾಕಿ ಹುರಿದರೆ ಗಂಜಿಗೆ ನೆಂಚಿಕೊಳ್ಳಲು ಆಗುತ್ತಿತ್ತು.