ಹಜ್‌ನ ವಿಧಿಗಳು ಮತ್ತು ಅವುಗಳ ಅರ್ಥ

ಹಜ್ ಯಾತ್ರೆಯಲ್ಲಿ ಒಂದೊಂದಾಗಿ ಏನೇನು ಮಾಡ್ತಾರೆ, ಅದರ ಅರ್ಥ ಏನು?

ಇಹ್ರಾಮ್ ತೊಟ್ಟು ಮಕ್ಕಾ ಹತ್ತಿರದ ಮಿನಾಕ್ಕೆ ಹೋಗಿ, ಅರಫಾತ್ ಬಯಲಿನಲ್ಲಿ ನಿಂತು, ಮುಜ್ದಲಿಫಾದಲ್ಲಿ ರಾತ್ರಿ ಕಳೆದು, ಕಲ್ಲೆಸೆದು, ಬಲಿ ಕೊಟ್ಟು, ತಲೆ ಬೋಳಿಸಿ, ಕಾಬಾಕ್ಕೆ ಏಳು ಸುತ್ತು ಬರುತ್ತಾರೆ. ಗಂಡಸರ ಇಹ್ರಾಮ್ ಅಂದರೆ ಹೊಲಿಗೆಯಿಲ್ಲದ ಎರಡು ಬಿಳಿ ಬಟ್ಟೆ. ಅದರಲ್ಲಿ ಸಾಹುಕಾರನೂ ಕೂಲಿಯವನೂ ಒಂದೇ. ನೋಡಿದರೆ ಶವಕ್ಕೆ ಹೊದಿಸುವ ಕಫನ್ ಬಟ್ಟೆ ನೆನಪಾಗುತ್ತದೆ.

ಹಜ್‌ನ ಜೀವಾಳ ಮಾತ್ರ ಅರಫಾತ್. ಇಸ್ಲಾಮಿ ಪಂಚಾಂಗದ ಕೊನೆಯ ತಿಂಗಳಾದ ಜುಲ್‌ಹಜ್‌ನ 9ರ ಮಧ್ಯಾಹ್ನದಿಂದ ಸೂರ್ಯ ಮುಳುಗುವವರೆಗೆ ಅಲ್ಲಿ ಕೈಯೆತ್ತಿ ಕ್ಷಮೆ ಕೇಳುತ್ತಾರೆ. ಕಯಾಮತ್ ದಿನ ದೇವರೆದುರು ನಿಲ್ಲುವುದನ್ನು ಈಗಲೇ ನೆನೆದಂತೆ, ಅಲ್ವಾ? ಇದು ತಪ್ಪಿದರೆ ಹಜ್ ಆಗುವುದೇ ಇಲ್ಲ. ನಮಿರಾ ಮಸೀದಿಯ ಮುಂಭಾಗ ಅರಫಾತ್ ಗಡಿಯ ಹೊರಗಿದೆ. ಹಾಗಾಗಿ ಅಲ್ಲೇ ಕೂತುಬಿಡದೆ, ಫಲಕ ನೋಡಿ ಒಳಗೆ ಬರಬೇಕು.

ಮರುದಿನ ಎಸೆಯುವ ಕಡಲೆಕಾಳಿನಷ್ಟು ದೊಡ್ಡ ಏಳು ಕಲ್ಲು, ಪ್ರವಾದಿ ಇಬ್ರಾಹಿಮರು ಸೈತಾನನನ್ನು ಓಡಿಸಿದ ನೆನಪು. ಕಾಬಾ ಬಳಿಯ ಸಫಾ–ಮರ್ವಾ ಗುಡ್ಡಗಳ ನಡುವಿನ ಏಳು ನಡಿಗೆ, ಮಗುವಿಗೆ ನೀರು ಹುಡುಕುತ್ತಾ ಓಡಾಡಿದ ತಾಯಿ ಹಾಜಿರಾರ ನೆನಪು.