ಸಾವಿರ ಸಬ್‌ಸ್ಕ್ರೈಬರ್ ಆದಾಗ ಥ್ಯಾಂಕ್ಸ್ ವಿಡಿಯೋದಲ್ಲಿ ಏನು ಹೇಳಬೇಕು?

"ಸಕಲೇಶಪುರದ ಹತ್ತಿರ ನಮ್ಮ ತೋಟ. ಕಾಫಿ, ಮೆಣಸು, ಅಡಿಕೆ ಬಗ್ಗೆ ಪುಟ್ಟ ಯೂಟ್ಯೂಬ್ ಚಾನೆಲ್ ಇದೆ. ಇನ್ನೇನು ಸಾವಿರ ಸಬ್‌ಸ್ಕ್ರೈಬರ್ ಆಗುತ್ತೆ. ಥ್ಯಾಂಕ್ಸ್ ಹೇಳೋಕೆ ಒಂದು ವಿಡಿಯೋ ಮಾಡಬೇಕು ಅಂತಿದ್ದೇನೆ. ಸ್ಕ್ರಿಪ್ಟ್ ಹೇಗಿರಬೇಕು? ಯಾರಾದ್ರೂ ಮಾಡಿದ್ದೀರಾ?"

ಮಾಡಿದ್ದೇನೆ, ಅದೂ ಎರಡು ಸಲ. ನಮ್ಮದು ಮೂಡಿಗೆರೆ ಕಡೆ, ನಿಮ್ಮ ಥರದ್ದೇ ಚಾನೆಲ್.

ಮೊದಲನೆಯದನ್ನು ಮನೆಯ ಜಗಲಿಯಲ್ಲಿ ಕೂತು ಮಾಡಿದ್ದೆ. ಹಿಂದೆ ಬಲೂನು, ಮುಂದೆ ಕೇಕು. ಅಪ್ಪ ಅಮ್ಮನಿಂದ ಶುರು ಮಾಡಿ, ಟ್ರೈಪಾಡ್ ಕೊಟ್ಟ ಭಾವನವರೆಗೆ ಎಲ್ಲರಿಗೂ ವಂದನೆ. ಒಟ್ಟು ಆರೂವರೆ ನಿಮಿಷ. ಹಾಕಿ ಮೂರು ದಿನ ಬಿಟ್ಟು ಯೂಟ್ಯೂಬ್ ಸ್ಟುಡಿಯೋ ತೆಗೆದು ನೋಡಿದೆ. ಜನ ಎಷ್ಟು ಹೊತ್ತು ನೋಡಿದರು ಅಂತ ತೋರಿಸುವ ಗೆರೆ ಇರುತ್ತಲ್ಲ, ಅದು ಮೊದಲ ಅರ್ಧ ನಿಮಿಷದಲ್ಲೇ ಧೊಪ್ಪನೆ ಬಿದ್ದಿತ್ತು. ನನ್ನ ಹೆಂಡತಿ ನೋಡಿ ಒಂದೇ ಮಾತು ಹೇಳಿದಳು: "ಇದು ಸಮಾರಂಭದ ವಂದನಾರ್ಪಣೆ ಥರ ಇದೆ ಕಣ್ರೀ. ಅದು ಶುರುವಾದ ತಕ್ಷಣ ಜನ ಊಟಕ್ಕೆ ಏಳ್ತಾರೆ."

ಸರಿಯಾಗೇ ಹೇಳಿದಳು. ನಮ್ಮ ಚಾನೆಲ್ಲಿಗೆ ಜನ ಬರೋದು ಬಳ್ಳಿ ಯಾಕೆ ಸೊರಗುತ್ತಿದೆ, ಔಷಧಿ ಎಷ್ಟು ಹಾಕಬೇಕು ಅಂತ ತಿಳಿಯೋಕೆ. ನನ್ನ ಭಾವ ಅವರಿಗೆ ಯಾರು? ಆ ವಿಡಿಯೋ ತೆಗೆದುಹಾಕಿದೆ.

ಎರಡನೆಯದಕ್ಕೆ ಕೂರುವ ಮೊದಲು ಹಳೆಯ ಕಾಮೆಂಟುಗಳನ್ನೆಲ್ಲ ಓದಿದೆ. ಯಾವ ಕಾಮೆಂಟಿನಿಂದ ನನ್ನ ತೋಟದಲ್ಲಿ ಏನಾದರೂ ಬದಲಾಗಿದೆ ಅಂತ ಹುಡುಕಿದೆ. "ಸೂಪರ್ ಸರ್", "ಒಳ್ಳೆ ಮಾಹಿತಿ" ಇವು ನೂರಾರಿದ್ದವು. ಕೆಲಸಕ್ಕೆ ಬಂದದ್ದು ಒಂದೇ. ಮಳೆಗಾಲಕ್ಕೆ ಮುಂಚೆ ಅಡಿಕೆಗೆ ಬೋರ್ಡೋ ದ್ರಾವಣ ಮಾಡೋದನ್ನು ತೋರಿಸಿದ್ದೆ. ಅದರ ಕೆಳಗೆ ಹಿರಿಯ ಬೆಳೆಗಾರರೊಬ್ಬರು ನನ್ನ ತಪ್ಪನ್ನು ತಿದ್ದಿದ್ದರು. ನಾನು ಆಗ "ಓಕೆ ಸರ್" ಅಂತ ಬರೆದು ಮರೆತಿದ್ದೆ! ಥ್ಯಾಂಕ್ಸ್ ಹೇಳಬೇಕಾದದ್ದು ಅವರಿಗೆ ಅನ್ನಿಸಿತು. ಹೇಳೋದಾದರೆ ಡ್ರಮ್ಮಿನ ಪಕ್ಕದಲ್ಲೇ ನಿಂತು, ಅವರು ಹೇಳಿದ್ದನ್ನು ಮಾಡಿ ತೋರಿಸಿಯೇ ಹೇಳಬೇಕು ಅಂದುಕೊಂಡೆ.

ಸ್ಕ್ರಿಪ್ಟ್ ಹೀಗಿತ್ತು. ಶುರುವಿಗೆ ನಮಸ್ಕಾರವೂ ಇಲ್ಲ. ಪ್ಲಾಸ್ಟಿಕ್ ಡ್ರಮ್ಮಿನಿಂದ ಕತ್ತಿ ಎತ್ತುತ್ತಾ ಮಾತು ಶುರು.

"ಈ ಕತ್ತಿ ನೋಡಿ. ಚೆನ್ನಾಗಿ ಉಜ್ಜಿ, ಬೋರ್ಡೋದಲ್ಲಿ ಒಂದು ನಿಮಿಷ ಅದ್ದಿಟ್ಟಿದ್ದೆ. ಅಂಚಿಗೆ ಕೆಂಪು ಹಿಡಿದಿದೆ, ಕಾಣ್ತಾ? ಅಂದ್ರೆ ತಾಮ್ರ ಇನ್ನೂ ಬಿಡಿಯಾಗಿದೆ, ಸುಣ್ಣ ಸಾಲದು. ಹೀಗೇ ಹೊಡೆದರೆ ಎಲೆ ಸುಡುತ್ತೆ. ಹೋದ ವರ್ಷದ ವಿಡಿಯೋದಲ್ಲಿ ನಾನು ಈ ಪರೀಕ್ಷೆ ತೋರಿಸಲೇ ಇಲ್ಲ. ಅದೂ ಅಲ್ಲದೆ, ಮೈಲುತುತ್ತದ ನೀರಿಗೆ ಸುಣ್ಣದ ನೀರು ಸುರಿದಿದ್ದೆ. ತಪ್ಪು. ನಮ್ಮ ವೀಕ್ಷಕರೊಬ್ಬರು ತಿದ್ದಿದರು. ಒಂದು ಕೆಜಿ ಮೈಲುತುತ್ತ 50 ಲೀಟರ್ ನೀರಲ್ಲಿ, ಒಂದು ಕೆಜಿ ಸುಣ್ಣ ಇನ್ನೊಂದು 50 ಲೀಟರಲ್ಲಿ. ಸುಣ್ಣದ ನೀರಿಗೆ ಮೈಲುತುತ್ತದ ನೀರನ್ನು ನಿಧಾನವಾಗಿ ಸುರೀಬೇಕು, ಕೋಲಲ್ಲಿ ಕಲಕುತ್ತಲೇ ಇರಬೇಕು. ಈಗ ಇನ್ನೊಂದಿಷ್ಟು ಸುಣ್ಣದ ನೀರು ಹಾಕಿದೆ. ಕತ್ತಿ ಉಜ್ಜಿ ಮತ್ತೆ ಅದ್ದಿದೆ. ನೋಡಿ, ಕೆಂಪಿಲ್ಲ. ಇದನ್ನು ಇವತ್ತೇ ಹೊಡೆದು ಮುಗಿಸಬೇಕು, ನಾಳೆಗೆ ಇಡೋ ಹಾಗಿಲ್ಲ. ಸಾರ್, ನೀವು ಬರೆಯದೇ ಹೋಗಿದ್ದರೆ ಈ ವರ್ಷವೂ ಹಾಗೇ ಮಾಡ್ತಿದ್ದೆ. ಈ ಚಾನೆಲ್ಲಲ್ಲಿ ಈಗ ಸಾವಿರ ಜನ ಇದ್ದೀರಿ. ನಾನು ತಪ್ಪಿದ ಕಡೆ ಹೀಗೇ ಬರೀರಿ. ಮುಂದಿನ ವಾರ ಮೆಣಸಿನ ಬುಡಕ್ಕೆ ಬೋರ್ಡೋ ಸುರಿಯೋದು ತೋರಿಸ್ತೀನಿ. ನಮಸ್ಕಾರ."

ಇಷ್ಟೇ. ಓದಿದರೆ ಒಂದೂವರೆ ನಿಮಿಷ ಚಿಲ್ಲರೆ, ಸುರಿಯೋದು ಅದ್ದೋದು ಸೇರಿ ಎರಡೂವರೆ. ಥ್ಯಾಂಕ್ಸ್ ಅನ್ನೋ ಪದವನ್ನೇ ಬಳಸಿಲ್ಲ, ಗಮನಿಸಿ. ಆ ಹಿರಿಯರು ಅದೇ ದಿನ ಕಾಮೆಂಟ್ ಹಾಕಿದರು: "ಸ್ಟೀಲ್ ಚಾಕು ಬೇಡ, ಕಬ್ಬಿಣದ್ದೇ ಆಗಬೇಕು ಅಂತಲೂ ಹೇಳಬೇಕಿತ್ತು." ಮತ್ತೆ ತಪ್ಪು ಹಿಡಿದರು ನೋಡಿ. ಅದನ್ನು ಪಿನ್ ಮಾಡಿದೆ. ಹಳೆಯ ವಿಡಿಯೋದ ಕೆಳಗೂ ತಿದ್ದುಪಡಿ ಬರೆದು ಪಿನ್ ಮಾಡಿದೆ. ಯಾಕಂದ್ರೆ ಒಮ್ಮೆ ಹಾಕಿದ ವಿಡಿಯೋ ಜಾಗದಲ್ಲಿ ಅದೇ ಲಿಂಕಿಗೆ ಬೇರೆ ವಿಡಿಯೋ ಕೂರಿಸೋಕೆ ಯೂಟ್ಯೂಬ್ ಬಿಡಲ್ಲ.

ನೀವು ಬರೆಯುವಾಗ ನನ್ನ ಬೋರ್ಡೋ ಕಥೆ ಬೇಡ, ನಿಮ್ಮ ಕಾಮೆಂಟು ಹುಡುಕಿ. ತಿದ್ದಿದವರೇ ಸಿಗಬೇಕು ಅಂತಿಲ್ಲ. ಯಾರೋ ಕೇಳಿದ ಪ್ರಶ್ನೆಗೆ ಆಗ ಉತ್ತರ ಗೊತ್ತಿರಲಿಲ್ಲ, ಈಗ ಗೊತ್ತಾಗಿದೆ ಅಂದ್ರೂ ಸಾಕು. ಒಂದೇ ಇರಲಿ. ಐದು ಜನರ ಹೆಸರು ಓದಿದರೆ ಮತ್ತೆ ವಂದನಾರ್ಪಣೆಯೇ. ಹೆಸರು ಹೇಳೋದಾದರೆ ಮೊದಲೇ ಅವರನ್ನು ಕೇಳಿ. ಕಾಮೆಂಟಿನ ಫೋಟೋ ತೋರಿಸಿದರೆ ಅದರಲ್ಲಿ ಫೋನ್ ನಂಬರ್ ಇದೆಯಾ ನೋಡಿ ಅಳಿಸಿ. ನಮ್ಮ ಕಡೆಯ ಜನ ಸಸಿ ಬೇಕು ಅಂತ ನಂಬರ್ ಹಾಕೇ ಹಾಕಿರ್ತಾರೆ.

ಸಾವಿರ ಮುಟ್ಟಿದ ಗಳಿಗೆಗೇ ಶೂಟ್ ಮಾಡಬೇಡಿ. ಮುಚ್ಚಿದ ಖಾತೆ, ಸ್ಪ್ಯಾಮ್ ಖಾತೆಗಳನ್ನು ಯೂಟ್ಯೂಬ್ ಆಗಾಗ ಲೆಕ್ಕದಿಂದ ತೆಗೆಯುತ್ತೆ. ನನ್ನದು 1,003 ಇದ್ದದ್ದು ಬೆಳಗ್ಗೆ ಎದ್ದು ನೋಡಿದರೆ 996. ಕೇಕು ಕತ್ತರಿಸಿ ಆಗಿತ್ತು! ಇಪ್ಪತ್ತು ಮೂವತ್ತು ಜಾಸ್ತಿ ಆದಮೇಲೆ ಮಾಡಿ.

ಇನ್ನು ದುಡ್ಡಿನ ಮಾತು. "ಸಾವಿರ ಆಯ್ತು, ಇನ್ನು ದುಡ್ಡು ಬರುತ್ತೆ ಅಲ್ವಾ" ಅಂತ ನೆಂಟರೆಲ್ಲ ಕೇಳ್ತಾರೆ. ಸ್ಕ್ರಿಪ್ಟಿನಲ್ಲಿ ಅದನ್ನು ಎತ್ತಬೇಡಿ. ಜಾಹೀರಾತಿನ ಹಣಕ್ಕೆ ಸಾವಿರದ ಜೊತೆ, ಹಿಂದಿನ 12 ತಿಂಗಳಲ್ಲಿ ಜನ ನಿಮ್ಮ ವಿಡಿಯೋಗಳನ್ನು 4,000 ಗಂಟೆ ನೋಡಿರಬೇಕು. ಇಲ್ಲಾಂದ್ರೆ 90 ದಿನದಲ್ಲಿ ಶಾರ್ಟ್ಸಿಗೆ ಒಂದು ಕೋಟಿ ವ್ಯೂಸ್ ಬೇಕು. ಶಾರ್ಟ್ಸ್ ಸಾಲಿನಲ್ಲಿ ನೋಡಿದ ಹೊತ್ತು ಆ 4,000 ಗಂಟೆಗೆ ಸೇರಲ್ಲ. ಲೆಕ್ಕ ಹಾಕಿ: 4,000 ಗಂಟೆ ಅಂದ್ರೆ 2,40,000 ನಿಮಿಷ. ಒಬ್ಬೊಬ್ಬರು ಸರಾಸರಿ ಮೂರು ನಿಮಿಷ ನೋಡಿದರೂ 80,000 ವ್ಯೂಸ್ ಆಗಬೇಕು. ನನಗೆ ಸಾವಿರ ದಾಟಿದ ಮೇಲೆ ಇನ್ನೂ ಹನ್ನೊಂದು ತಿಂಗಳು ಹಿಡಿಯಿತು. ಅದಕ್ಕೇ "ಆ ಚಾನೆಲ್ಲಿಗೂ ಸಬ್‌ಸ್ಕ್ರೈಬ್ ಮಾಡಿ, ಅವರು ನಮಗೆ ಮಾಡ್ತಾರೆ" ಅನ್ನೋ ಅದಲುಬದಲು ವ್ಯಾಪಾರಕ್ಕೆ ಹೋಗಬೇಡಿ. ಯೂಟ್ಯೂಬ್ ನಿಯಮಕ್ಕೆ ಅದು ವಿರುದ್ಧ. ಜೊತೆಗೆ ಹಾಗೆ ಬಂದವರು ವಿಡಿಯೋ ನೋಡೋದೂ ಇಲ್ಲ, ಗಂಟೆ ಎಲ್ಲಿಂದ ಬರಬೇಕು?

ಕೊನೆಗೆ ಶಬ್ದ. ನಾನು ಮೊದಲ ಟೇಕನ್ನು ತಗಡಿನ ಚಾವಣಿ ಕೆಳಗೆ ಮಾಡಿದೆ, ಮಳೆ ಬಂತು, ಒಂದು ಪದ ಕೇಳಲಿಲ್ಲ. ಕಾಲರಿಗೆ ಸಿಕ್ಕಿಸುವ ಮೈಕ್ ಇದ್ದರೆ ಹಾಕಿ. ಇಲ್ಲದಿದ್ದರೆ ಕತ್ತಿ ಅದ್ದೋದನ್ನು ಮಾತ್ರ ಹೊರಗೆ ಶೂಟ್ ಮಾಡಿ, ಮಾತನ್ನು ರಾತ್ರಿ ಕಾರಿನೊಳಗೆ ಕೂತು ಫೋನಿನಲ್ಲಿ ರೆಕಾರ್ಡ್ ಮಾಡಿ ಸೇರಿಸಿ. ನಾನು ಹಾಗೇ ಮಾಡಿದ್ದು.